ಮೆಲ್ಲಗೆ ಹೇಳಬೇಕಾದ ಮಾತು

ಕನ್ನಡಕದಂಗಡಿಯವನು ಆ ಬೆಳಿಗ್ಗೆ ಶಟರ್ ಎತ್ತಿ, ಗಾಜಿನ ಕಪಾಟು ಒರೆಸಿ, ಹಿಂದಿನ ದಿನ ಯಾರೋ ಬಿಟ್ಟುಹೋಗಿದ್ದ ಫ್ರೇಮಿನ ಕಡ್ಡಿಯನ್ನು ಬಿಸಿಗಾಳಿಯ ಯಂತ್ರಕ್ಕೆ ಹಿಡಿದು ಬಗ್ಗಿಸುತ್ತ ಎಡಗೈಯಲ್ಲಿ ಫೋನು ನೋಡಿದಾಗ, ಬಡಾವಣೆಯ ಗುಂಪಿನಲ್ಲಿ ತನ್ನ ಭಾವನ ಪೋಸ್ಟ್ ಕಂಡಿತು. ಕಾಣುವುದೇನು, ಮುಖಕ್ಕೆ ಬಂದು ಬಡಿಯಿತು. ಒಂದು ನೀಲಿ ಸ್ಕೂಟರಿನ ಚಿತ್ರ, ಅದರ ನಂಬರು ಎದ್ದು ಕಾಣುವ ಹಾಗೆ. ಕೆಳಗೆ, ನಮ್ಮ ಗೇಟಿಗೆ ಅಡ್ಡ ಗಾಡಿ ನಿಲ್ಲಿಸುವ ಮಹಾರಾಣಿಯವರು ಇವರೇ ಎಂದು ಶುರುವಾಗಿ, ಹೆಸರು, ಫೋನ್ ನಂಬರು, ಬೀದಿ, ಮನೆಯ ಸಂಖ್ಯೆ, ಮಹಡಿ, ಯಾವ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ, ಮಗಳು ಯಾವ ಶಾಲೆ, ಶಾಲೆಯ ವ್ಯಾನು ಅವಳನ್ನು ಎಲ್ಲಿ ಇಳಿಸುತ್ತದೆ, ಎಲ್ಲವೂ ಇತ್ತು. ಕೊನೆಗೆ, ಮನೆಯಲ್ಲಿ ಇಬ್ಬರೇ ಇರುವುದು, ಗಂಡಸರು ಯಾರೂ ಇಲ್ಲದ ಕಾರಣ ಹೇಳುವವರು ಕೇಳುವವರು ಇಲ್ಲ, ಸದಸ್ಯರೇ ಫೋನ್ ಮಾಡಿ ಬುದ್ಧಿ ಹೇಳಬೇಕಾಗಿ ವಿನಂತಿ ಎಂದಿತ್ತು. ಹಿಂದಿನ ಸಂಜೆಯೇ ಹಾಕಿದ್ದು. ರಾತ್ರಿಯಿಡೀ ಅದು ಅಲ್ಲೇ ಕೂತಿತ್ತು, ಇವನು ಫೋನನ್ನು ದಿಂಬಿನ ಕೆಳಗಿಟ್ಟು ಹಾಯಾಗಿ ಮಲಗಿದ್ದ. ಬಿಸಿ ಹೆಚ್ಚಾಗಿ ಕಡ್ಡಿ ಬೇಡದ ಕಡೆಗೆ ಬಗ್ಗಿತು.

ಅವನಿಗೆ ಆ ಹೆಂಗಸು ಗೊತ್ತು. ಕೆಲವು ತಿಂಗಳ ಹಿಂದೆ ಕಣ್ಣು ಪರೀಕ್ಷೆಗೆ ಬಂದಿದ್ದಳು. ಬಿಲ್ಲಿನ ಮೇಲೆ ವಿಳಾಸ ಬರೆಯಲು ಅವನು ಪೆನ್ನು ಎತ್ತಿದಾಗ, ಬೇಡ ಸರ್, ನಾನೇ ಬಂದು ತಗೊಂಡು ಹೋಗ್ತೀನಿ ಎಂದಿದ್ದಳು. ಅಷ್ಟು ಹೇಳುವುದಕ್ಕೆ ಮೊದಲು ಅವಳು ಮುಂದಿದ್ದ ಕನ್ನಡಿಯಲ್ಲಿ ತನ್ನ ಹಿಂದಿನ ಬಾಗಿಲನ್ನು ಒಮ್ಮೆ ನೋಡಿಕೊಂಡಿದ್ದಳು. ಕಣ್ಣಿನ ವ್ಯಾಪಾರದಲ್ಲಿ ಇರುವವನಿಗೆ ಜನ ಎಲ್ಲಿ ನೋಡುತ್ತಾರೆ ಎನ್ನುವುದು ತಪ್ಪುವುದಿಲ್ಲ. ಅವನು ಏನೂ ಕೇಳಲಿಲ್ಲ. ಕೇಳದೆ ಇರುವುದು ಅವನ ದೊಡ್ಡಸ್ತಿಕೆ. ಊರಿಗೆಲ್ಲ ಮೆದು ಮನುಷ್ಯ ಎನಿಸಿಕೊಂಡವನು, ಬಸ್ಸಿನಲ್ಲಿ ಕಾಲು ತುಳಿದವರಿಗೂ ತಾನೇ ಕ್ಷಮಿಸಿ ಎನ್ನುವವನು. ಮೂಗಿನ ಮೇಲೆ ಕನ್ನಡಕ ಕೂರಿಸುವಾಗ ಅವನ ಬೆರಳು ತಾಗಿದ್ದೇ ತಿಳಿಯುವುದಿಲ್ಲ ಎಂದು ಗಿರಾಕಿಗಳು ಹೊಗಳುತ್ತಿದ್ದರು. ಈ ಗುಣ ನೋಡಿಯೇ, ಗುಂಪು ಕಟ್ಟಿದ ಔಷಧದಂಗಡಿಯಾಕೆ ಮಗಳ ಊರಿಗೆ ಹೋಗುವಾಗ ಅಡ್ಮಿನ್ ಕೆಲಸವನ್ನು ಇವನ ಕೈಗೆ ಹಾಕಿ ಹೋದಳು. ಹೋಗುವಾಗ ಒಂದೇ ಪಾಠ ಹೇಳಿದ್ದಳು. ಯಾರದಾದರೂ ಖಾಸಗಿ ವಿವರ ಹೊರಬಿದ್ದರೆ ಮೊದಲು ಮರೆಮಾಡು, ಆಮೇಲೆ ಮಾತಾಡು. ಮಾತಾಡುವಾಗ ಗುಂಪಿನಲ್ಲಿ ಬೇಡ, ಅವರೊಬ್ಬರ ಹತ್ತಿರವೇ ಮಾತಾಡು. ಅವನು ಹೂಂ ಹೂಂ ಎಂದು ತಲೆ ಆಡಿಸಿದ್ದ.

ಅಷ್ಟರಲ್ಲಿ ಅವಳದೇ ಸಂದೇಶ ಬಂತು. ಸರ್, ಆ ಪೋಸ್ಟ್ ತೆಗೆಸಿಕೊಡಿ, ದಯವಿಟ್ಟು ಗುಂಪಿನಲ್ಲಿ ಆ ಬಗ್ಗೆ ಏನೂ ಬರೆಯಬೇಡಿ, ಗಲಾಟೆಯಾದರೆ ನೋಡದವರೂ ನೋಡುತ್ತಾರೆ, ನಾವು ಬಿಟ್ಟು ಬಂದವರ ಕಡೆಯವರು ಯಾರೋ ಈ ಗುಂಪಿನಲ್ಲಿ ಇರಬಹುದು ಅನ್ನಿಸುತ್ತಿದೆ, ಅವರಿಗೆ ನಾವು ಎಲ್ಲಿದ್ದೇವೆ ಅಂತ ಗೊತ್ತಾಗಬಾರದು. ಬಿಟ್ಟು ಬಂದವರು. ಗಂಡ ಎನ್ನುವ ಪದವನ್ನು ಅವಳು ಬರೆದಿರಲಿಲ್ಲ. ಅವನು ಫ್ರೇಮನ್ನು ಕೆಳಗಿಟ್ಟ. ಈಗಲೇ ತೆಗೆಸುತ್ತೇನಮ್ಮ, ಯಾರಿಗೂ ತಿಳಿಯುವುದಿಲ್ಲ ಎಂದು ಬರೆದ. ಬರೆದು ಕಳಿಸಿದ ಮೇಲೆ, ಕೆಲಸವೇ ಮುಗಿದ ಹಾಗೆ ಒಂದು ನಿರಾಳ ಬಂತಲ್ಲ, ಅದಕ್ಕಾಗಿ ಮುಂದೆ ಅವನು ತನ್ನನ್ನು ತಾನು ಬಹಳ ಬೈದುಕೊಂಡ.

ಪೋಸ್ಟಿನ ಮೂಲೆಯ ಮೂರು ಚುಕ್ಕಿ ಒತ್ತಿದರೆ ಅಡ್ಮಿನ್ನನಿಗೆ ದಾರಿಗಳು ತೆರೆಯುತ್ತವೆ. ಅಳಿಸಬಹುದು. ಅಳಿಸಿದರೆ ಆ ಜಾಗದಲ್ಲಿ, ಅಡ್ಮಿನ್ ತೆಗೆದಿದ್ದಾರೆ ಎಂಬ ಬೂದು ಸಾಲು ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಮರೆಮಾಡಬಹುದು. ಆಗ ಮಿಕ್ಕವರಿಗೆ ಪೋಸ್ಟ್ ಕಾಣುವುದೇ ಇಲ್ಲ. ಹಾಕಿದವರಿಗೆ ಮಾತ್ರ ಅದರ ನೆತ್ತಿಯ ಮೇಲೆ, ಪರಿಶೀಲನೆಯಲ್ಲಿದೆ ಎಂದು ಕಾಣುತ್ತದೆ. ಸರಿಯಾದ ದಾರಿ ಅದೇ, ಅವನಿಗೂ ಗೊತ್ತು. ಆದರೆ ಭಾವ ತಮ್ಮ ಪೋಸ್ಟಿಗೆ ಯಾರು ಮೆಚ್ಚುಗೆ ಒತ್ತಿದರು ಎಂದು ಗಳಿಗೆಗೊಮ್ಮೆ ನೋಡುವ ಜನ. ಆ ಸಾಲು ಕಂಡ ಕೂಡಲೇ, ನನ್ನನ್ನೇ ಪರಿಶೀಲಿಸುವಷ್ಟು ಬೆಳೆದುಬಿಟ್ಟಿದ್ದಾನೆ ಎನ್ನುತ್ತಾರೆ, ಅಕ್ಕನ ಎದುರು ಎನ್ನುತ್ತಾರೆ, ಊಟದ ಮೇಜಿನ ಮುಂದೆ ಎನ್ನುತ್ತಾರೆ. ಈ ಅಂಗಡಿಗೆ ಜಾಗ ನೋಡಿಕೊಟ್ಟವರು ಅವರು. ಅಪ್ಪ ತೀರಿಕೊಂಡಾಗ ಹೆಗಲು ಕೊಟ್ಟವರು. ಅವನ ಮದುವೆ ಮುರಿದುಬಿದ್ದ ವರ್ಷ ಸಂತೋಷ ಕೂಟವೊಂದರಲ್ಲಿ, ಹೆಂಡತಿ ಬಿಟ್ಟುಹೋದರೂ ಇವನು ಬಾಗಿಲವರೆಗೆ ಹೋಗಿ ಹುಷಾರಾಗಿ ಹೋಗಿ ಬಾ ಅಂದವನು ಎಂದು ಎಲ್ಲರನ್ನೂ ನಗಿಸಿದವರೂ ಅವರೇ. ಆ ದಿನ ಅವನೂ ನಕ್ಕಿದ್ದ. ಮಿಕ್ಕವರಿಗಿಂತ ಸ್ವಲ್ಪ ಹೆಚ್ಚೇ ನಕ್ಕಿದ್ದ. ಹೆಬ್ಬೆರಳು ಮರೆಮಾಡು ಎಂಬ ಪದದ ಮೇಲೆ ಒಂದಷ್ಟು ಹೊತ್ತು ತೇಲಿ, ಕೊನೆಗೆ ಅದರ ಕೆಳಗಿದ್ದ ಕಾಮೆಂಟ್ ನಿಲ್ಲಿಸು ಎಂಬುದನ್ನು ಒತ್ತಿತು.

ಹಾಗೆಂದು ಅವನು ಕೈಕಟ್ಟಿ ಕೂತನೆಂದಲ್ಲ. ಮಿಕ್ಕ ಕೆಲಸವನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ, ಮಾಡಬೇಕಾದ್ದೊಂದನ್ನು ಬಿಟ್ಟು ಉಳಿದಿದ್ದೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವುದರಲ್ಲಿ ಅವನು ಪಳಗಿದವನು. ಮುಂದೆ ಅವಳು ಪೊಲೀಸರ ಹತ್ತಿರ ಹೋಗಬೇಕಾಗಿ ಬಂದರೆ ಇರಲಿ ಎಂದು ಪೋಸ್ಟಿನ ಒಂದು ಸ್ಕ್ರೀನ್‌ಶಾಟ್ ತೆಗೆದು, ಯಾರಿಗೂ ಕಳಿಸದೆ ಬೇರೆ ಇಟ್ಟುಕೊಂಡ. ಕೆಳಗಿನ ಕಾಮೆಂಟುಗಳಲ್ಲಿ ಯಾರೋ ಶಾಲೆಯ ಹೆಸರನ್ನು ಮತ್ತೆ ಬರೆದಿದ್ದರು, ಅದನ್ನು ತೆಗೆದ. ಪಕ್ಕದ ಬಡಾವಣೆಯ ಗುಂಪಿಗೆ ಹಂಚಿದ್ದ ಒಬ್ಬ ಗೃಹಸ್ಥರಿಗೆ, ಏನು ಹಂಚಿದ್ದೀರಿ ಎಂದು ವಿವರ ಎತ್ತಿ ಹೇಳದೆ, ನಿನ್ನೆ ಸಂಜೆ ಸ್ಕೂಟರಿನ ಬಗ್ಗೆ ಹಂಚಿದ್ದನ್ನು ಅಲ್ಲಿಂದ ಅಳಿಸಿಬಿಡಿ, ನಿಮ್ಮ ತಪ್ಪೇನಿಲ್ಲ ಎಂದು ಬರೆದ. ಅವರು ತಕ್ಷಣ ಅಳಿಸಿ, ತಿಳಿಸಿದ್ದಕ್ಕೆ ಧನ್ಯವಾದ ಎಂದರು. ಎಷ್ಟು ಸುಲಭ. ಹೊರಗಿನವರ ಹತ್ತಿರ ಎಲ್ಲವೂ ಎಷ್ಟು ಸುಲಭ.

ಆಮೇಲೆ ಭಾವನಿಗೆ ಬರೆಯಲು ಕೂತ. ಭಾವ, ನಿಮ್ಮ ಗೇಟಿನ ತೊಂದರೆ ನಿಜ, ಅದನ್ನು ನಾನೇ ಅವರ ಹತ್ತಿರ ಮಾತಾಡಿ ಸರಿ ಮಾಡುತ್ತೇನೆ. ಇದು ಚೆನ್ನಾಗಿತ್ತು, ಮೊದಲು ಅವರ ಸಂಕಟವನ್ನು ಒಪ್ಪಿಕೊಳ್ಳಬೇಕು. ಪೋಸ್ಟಿನಲ್ಲಿ ಒಬ್ಬರ ಫೋನು, ಮನೆ, ಮಗುವಿನ ಶಾಲೆಯ ವಿವರ ಬಂದಿದೆ, ಯಾರೇ ಹಾಕಿದರೂ ಗುಂಪಿನಲ್ಲಿ ಅದನ್ನು ಇಡುವಂತಿಲ್ಲ. ಯಾರೇ ಹಾಕಿದರೂ ಎನ್ನುವುದು ಮುಖ್ಯ, ನಿಮಗೊಬ್ಬರಿಗೇ ಅಲ್ಲ ಎಂದ ಹಾಗೆ. ಬೇಕಾದರೆ ವಿವರವಿಲ್ಲದೆ ಹೊಸದಾಗಿ ಬರೆಯೋಣ, ನಾನೇ ಬರೆದುಕೊಡುತ್ತೇನೆ. ಇನ್ನೊಂದು ಸಾಲು ಇತ್ತು. ಪೋಸ್ಟನ್ನು ತಿದ್ದಬೇಡಿ, ಪೂರ್ತಿ ಅಳಿಸಿಬಿಡಿ. ತಿದ್ದಿದರೆ ಹಳೆಯದು ಒಳಗೆ ಉಳಿಯುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಇದನ್ನು ಅವನು ಬರೆದ, ಓದಿದ, ಮತ್ತೆ ಓದಿದ. ತಿದ್ದಬೇಡಿ, ಅಳಿಸಿಬಿಡಿ. ದೊಡ್ಡವರಿಗೆ ಪಾಠ ಹೇಳಿದ ಹಾಗಿತ್ತು. ಜೀವಮಾನವೆಲ್ಲ ಕಚೇರಿಯಲ್ಲಿ ಅಧಿಕಾರ ನಡೆಸಿ ನಿವೃತ್ತರಾದವರಿಗೆ ಹಾಗೆ ಮಾಡಬೇಡಿ ಹೀಗೆ ಮಾಡಿ ಎನ್ನುವುದೆಂದರೆ. ಆ ಸಾಲನ್ನು ಅಳಿಸಿದ. ಅದರ ಬದಲು, ದಯವಿಟ್ಟು ಆ ವಿವರ ತೆಗೆದರೆ ದೊಡ್ಡ ಉಪಕಾರ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಎಂದು ಬರೆದ. ನಯವಾಗಿತ್ತು. ಓದಿಕೊಂಡರೆ ಎಲ್ಲೂ ಮುಳ್ಳು ತಾಗುತ್ತಿರಲಿಲ್ಲ. ಕಳಿಸಿದ.

ಭಾವ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದರು. ಕನ್ನಡಕದವನ ಎದೆ ಹಗುರಾಯಿತು. ಮಧ್ಯಾಹ್ನದ ಹೊತ್ತಿಗೆ ಬಂದ ಒಬ್ಬ ಮುದುಕಿಗೆ ಓದುವ ಕನ್ನಡಕದ ಮೂಗಿನ ಗುಂಡಿ ಬದಲಾಯಿಸಿಕೊಟ್ಟು, ಆಕೆ ಗೋಡೆಯ ಅಕ್ಷರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಓದುತ್ತಿದ್ದುದನ್ನು ಕೇಳುತ್ತ, ಪರವಾಗಿಲ್ಲ, ಇಷ್ಟು ವಯಸ್ಸಾದ ಮೇಲೆ ನನಗೂ ಲೋಕದಲ್ಲಿ ಹೇಗಿರಬೇಕೆಂದು ಗೊತ್ತಾಗಿದೆ ಎಂದುಕೊಂಡ. ಮುದುಕಿ ಕೊನೆಯ ಸಾಲಿಗೆ ಬಂದು, ಇದು ನನಗೆ ಬರೀ ಮಸಿ ಕಣಪ್ಪಾ ಎಂದಳು. ಆಗ ಫೋನು ಮಿಡಿಯಿತು. ಗುಂಪಿನ ತುದಿಯಲ್ಲಿ, ಎಲ್ಲಕ್ಕಿಂತ ಮೇಲೆ, ಆ ನೀಲಿ ಸ್ಕೂಟರು ಮತ್ತೆ ಬಂದು ನಿಂತಿತ್ತು. ಭಾವ ಅಳಿಸಿರಲಿಲ್ಲ, ತಿದ್ದಿದ್ದರು. ವಿವರಗಳನ್ನು ತೆಗೆದು ಆ ಜಾಗದಲ್ಲಿ, ಸಂಬಂಧಪಟ್ಟವರ ಕೋರಿಕೆಯ ಮೇರೆಗೆ ವಿಳಾಸ ಮತ್ತು ಫೋನ್ ನಂಬರನ್ನು ತೆಗೆಯಲಾಗಿದೆ ಎಂದು ಕಚೇರಿಯ ಭಾಷೆಯಲ್ಲಿ ಬರೆದಿದ್ದರು. ಪಕ್ಕದಲ್ಲಿ ಸಣ್ಣಗೆ, ತಿದ್ದಲಾಗಿದೆ. ಆ ಪದದ ಮೇಲೆ ಬೆರಳಿಟ್ಟರೆ ನಿನ್ನೆಯ ಪೋಸ್ಟು ಒಂದು ಅಕ್ಷರ ಬಿಡದೆ ತೆರೆದುಕೊಳ್ಳುತ್ತಿತ್ತು. ನಿನ್ನೆ ಕೆಳಗೆ ಸರಿದುಹೋಗಿದ್ದದ್ದು ಈಗ ಮೇಲಕ್ಕೆ ಬಂದಿತ್ತು. ನಿನ್ನೆ ಯಾರೋ ಒಬ್ಬರ ಜಗಳವಾಗಿದ್ದದ್ದು ಈಗ, ಏನಪ್ಪಾ ಅದು ತೆಗೆದದ್ದು ಎಂದು ಎಲ್ಲರೂ ಬಗ್ಗಿ ನೋಡುವ ಗುಟ್ಟಾಗಿತ್ತು. ನೋಡಿದವರ ಸಂಖ್ಯೆ ಅವನ ಕಣ್ಣೆದುರೇ ಏರುತ್ತಿತ್ತು. ಗೋಡೆಯ ಕೊನೆಯ ಸಾಲನ್ನು ಮುದುಕಿ ಇನ್ನೂ ದಿಟ್ಟಿಸುತ್ತಿದ್ದಳು.

ಆಗಲಾದರೂ ಮರೆಮಾಡಬಹುದಿತ್ತು. ಇದನ್ನು ಅವನು ಮುಂದೆ ಎಷ್ಟೋ ಸಲ ಹೇಳಿಕೊಂಡ. ಆದರೆ ಆ ಗಳಿಗೆಯಲ್ಲಿ, ಭಾವ ನನ್ನ ಮಾತಿಗೆ ಬೆಲೆ ಕೊಟ್ಟು ತಿದ್ದಿದ್ದಾರೆ, ಈಗ ಮೇಲಿಂದ ಮರೆಮಾಡಿದರೆ ಕೆನ್ನೆಗೆ ಹೊಡೆದ ಹಾಗಾಗುತ್ತದೆ ಎನ್ನಿಸಿತು. ಫೋನ್ ಮಾಡಿದ, ಎತ್ತಲಿಲ್ಲ. ಅಕ್ಕನಿಗೆ ಮಾಡಿದ. ಊಟ ಮಾಡಿ ಈಗ ತಾನೇ ಮಲಗಿದ್ದಾರೆ, ಎಬ್ಬಿಸಿದರೆ ಸಂಜೆಯವರೆಗೆ ಮುಖ ಊದಿಸಿಕೊಂಡಿರುತ್ತಾರೆ, ಅಂಥಾ ಅರ್ಜೆಂಟಾ ಎಂದಳು. ಅರ್ಜೆಂಟೇನಿಲ್ಲ ಅಕ್ಕಾ ಎಂದು ಅವನ ಬಾಯಿ ತಾನಾಗಿಯೇ ಹೇಳಿತು. ಲ್ಯಾಬಿನ ಹೆಂಗಸಿನಿಂದ ಇನ್ನೊಂದು ಸಂದೇಶ. ಸರ್, ಮತ್ತೆ ಮೇಲೆ ಬಂದಿದೆ. ಅಷ್ಟೇ. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಅವನು, ಆಗುತ್ತಿದೆಯಮ್ಮಾ, ಸ್ವಲ್ಪ ಹೊತ್ತು ಎಂದು ಉತ್ತರಿಸಿದ. ಮಧ್ಯಾಹ್ನವೆಂಬುದು ಗಾಜಿನ ಕಪಾಟಿನ ಮೇಲಿಂದ ತೆವಳುತ್ತ ಹೋಯಿತು. ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದ, ಕಣ್ಣಿಲ್ಲದ ಅಷ್ಟೂ ಕನ್ನಡಕಗಳು ಅವನನ್ನೇ ನೋಡುತ್ತಿರುವಂತೆ ಕಂಡು, ಅವನು ಎದ್ದು ಶಟರನ್ನು ಅರ್ಧ ಎಳೆದು ಹೊರಟ.

ಭಾವನ ಮನೆ ಮತ್ತು ಆಕೆಯ ಮನೆ ಎದುರುಬದುರು. ಅವನು ಆ ಕಡೆ ನೋಡದೆ ಈ ಕಡೆಯ ಗೇಟು ತೆರೆದ. ಭಾವ ಎದ್ದು ಕೂತು ಕಾಲುಚೀಲ ಹುಡುಕುತ್ತಿದ್ದರು. ಅಕ್ಕ ನೀರು ತಂದುಕೊಟ್ಟಳು. ಹೇಗೆ ಶುರು ಮಾಡುವುದು? ಆ ಹೆಂಗಸಿನ ಗುಟ್ಟನ್ನು ಹೇಳಿದರೆ ಭಾವ ಒಪ್ಪಿಯೇ ಒಪ್ಪುತ್ತಾರೆ. ಆದರೆ ನಾಳೆ ಬೆಳಿಗ್ಗೆ ವಾಕಿಂಗಿನಲ್ಲಿ ಅದೇ ಕರುಣೆಯಿಂದಲೇ ಇನ್ನು ನಾಲ್ವರಿಗೆ ಹೇಳುತ್ತಾರೆ. ಹೇಳದಿದ್ದರೆ ಕಾರಣವಿಲ್ಲ. ಅವನು ಗೇಟಿನ ಬಣ್ಣದ ಬಗ್ಗೆ ಮಾತಾಡಿದ, ಸ್ಕೂಟರು ನಿಲ್ಲಿಸಲು ಬೇರೆ ಜಾಗವಿರುವ ಬಗ್ಗೆ ಮಾತಾಡಿದ. ಹಾಗೆಯೇ ಬದಿಯಿಂದ ಬದಿಯಿಂದ ಹತ್ತಿರ ಹೋಗಿ, ಭಾವ, ಆ ತಿದ್ದಿದ ಪೋಸ್ಟಿನಲ್ಲಿ ಹಳೆಯದು ಇನ್ನೂ ಕಾಣುತ್ತದೆ, ಪೂರ್ತಿ ಅಳಿಸಿದರೆ ಎಲ್ಲರಿಗೂ ಒಳ್ಳೆಯದಿತ್ತೇನೋ ಎಂದ. ಕೊನೆಯ ಮಾತು ಅವನಿಗೇ ಕೇಳಿಸಲಿಲ್ಲ.

ಭಾವ ಕನ್ನಡಕ ಹಾಕಿಕೊಂಡು, ಫೋನು ತೆಗೆದು, ಎಲ್ಲಿ ಒತ್ತಬೇಕು ಎಂದು ಕೇಳಿ, ಒತ್ತಿದರು. ಮುಗಿಯಿತು. ಆಕಳಿಸಲು ಹಿಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಇಷ್ಟಕ್ಕೆ ಅಂಗಡಿ ಮುಚ್ಚಿಕೊಂಡು ಬಂದ್ಯಾ? ಅಡ್ಮಿನ್ ಅಲ್ವೇನಯ್ಯಾ ನೀನು, ನೀನೇ ತೆಗೀಬಹುದಿತ್ತಲ್ಲ."

"ತೆಗೀಬಹುದಿತ್ತು ಭಾವ. ನಿಮಗೆ ಬೇಜಾರಾಗುತ್ತೇನೋ ಅಂತ…"

"ನನಗ್ಯಾಕೆ ಬೇಜಾರು? ಸಿಟ್ಟಲ್ಲಿ ಬರೆದಿದ್ದೆ, ರಾತ್ರಿಗೇ ಮರೆತೂ ಹೋಗಿತ್ತು," ಎಂದು ಅವರು ಸಿಕ್ಕ ಕಾಲುಚೀಲವನ್ನು ಏರಿಸಿಕೊಂಡರು.

ಅವನು ನೀರಿನ ಲೋಟ ಹಿಡಿದು ಕೂತೇ ಇದ್ದ. ಬೆಳಗಿನಿಂದ ಯಾವ ರಂಪಕ್ಕೆ ಹೆದರಿ ಬೆವರಿದ್ದನೋ ಆ ರಂಪ ಈ ಮನೆಯಲ್ಲಿ ಇರಲೇ ಇಲ್ಲ. ಅದು ಅವನೊಳಗೇ ಇತ್ತು, ಅವನೇ ಸಾಕಿ, ಅವನೇ ಅನ್ನ ಹಾಕಿ ಬೆಳೆಸಿದ್ದು. ಅವಮಾನವಾಯಿತು. ಅವಮಾನಕ್ಕಿಂತ ಹೆಚ್ಚಾಗಿ, ತನ್ನ ಒಳ್ಳೆಯತನವೆಂದು ಇಷ್ಟು ಕಾಲ ತಿಳಿದಿದ್ದರ ತಳ ಕಂಡಂತಾಗಿ ಹೇಸಿಗೆಯಾಯಿತು. ಅವಳ ಗುಟ್ಟು ಕಾಪಾಡಲು ಮೆಲ್ಲಗೆ ನಡೆದೆನೋ, ನನ್ನ ಮರ್ಯಾದೆ ಕಾಪಾಡಿಕೊಳ್ಳಲು ಮೆಲ್ಲಗೆ ನಡೆದೆನೋ? ಉತ್ತರ ಗೊತ್ತಿತ್ತು. ಅಕ್ಕ, ಯಾಕೋ ಮುಖ ಬಾಡಿದೆ ಎಂದಳು. ಬಿಸಿಲು ಎಂದ.

ಹೋಗಿ ಹೇಳಿಬರೋಣವೆಂದು ರಸ್ತೆ ದಾಟಿ ಎದುರಿನ ಮೆಟ್ಟಿಲು ಹತ್ತುವಾಗ ಫೋನು ಮತ್ತೆ ಮಿಡಿಯಿತು. ಅಡ್ಮಿನ್ನನಿಗೇ ಬಂದ ಖಾಸಗಿ ಸಂದೇಶ. ಹೂವಿನ ಚಿತ್ರವಿದ್ದ ಖಾತೆ. ಎಂದೋ ಒಂದು ದಿನ ಗುಂಪಿಗೆ ಸೇರಿಸಿಕೊಳ್ಳಿ ಎಂದು ವಿನಯದಿಂದ ಕೇಳಿದವರನ್ನು ಅವನೇ ಸೇರಿಸಿಕೊಂಡಿದ್ದ. ಮಾನ್ಯರೇ, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ಸ್ಕೂಟರಿನ ವಿಷಯದ ಒಂದು ಪೋಸ್ಟ್ ಓದುತ್ತಿದ್ದೆ. ಬೀದಿಯ ಹೆಸರು ನೋಡಿಕೊಂಡೆ, ಮನೆಯ ಸಂಖ್ಯೆ ನೋಡಿಕೊಳ್ಳುವಷ್ಟರಲ್ಲಿ ಮಾಯವಾಯಿತು. ದಯವಿಟ್ಟು ಆ ವಿವರ ತಿಳಿಸಿದರೆ ದೊಡ್ಡ ಉಪಕಾರ. ಅವನು ಮೆಟ್ಟಿಲ ಕಟಕಟೆ ಹಿಡಿದುಕೊಂಡ. ಆ ಬರವಣಿಗೆಯಲ್ಲಿ ಎಲ್ಲೂ ಮುಳ್ಳಿರಲಿಲ್ಲ. ಅವನೇ ಬರೆದಿರಬಹುದಾದದ್ದು.

ಬಾಗಿಲು ಸರಪಳಿಯಷ್ಟು ತೆರೆಯಿತು, ಆಮೇಲೆ ಪೂರ್ತಿ. ಒಳಗೆ ಎರಡು ಚೀಲ ತುಂಬಿ ನಿಂತಿದ್ದವು. ಮಗಳು ಶಾಲೆಯ ಬಟ್ಟೆಯಲ್ಲೇ ಒಂದು ಚೀಲದ ಮೇಲೆ ಕೂತಿದ್ದಳು. ಬೆಳಿಗ್ಗೆಯೇ ಸ್ಕೂಟರನ್ನು ಆಸ್ಪತ್ರೆಯಲ್ಲಿ ಬಿಟ್ಟು, ಈಗಷ್ಟೇ ಮಗುವನ್ನು ವ್ಯಾನಿಗೆ ಕಾಯದೆ ಶಾಲೆಯಿಂದ ಕರೆತಂದಿದ್ದೇನೆ, ಗೆಳತಿಯ ಮನೆಗೆ ಹೋಗಲು ಆಟೋ ಒಂದೂ ಒಪ್ಪುತ್ತಿಲ್ಲ ಎಂದು ಆಕೆ ಹೇಳಿದಳು. ಅವನು ಫೋನನ್ನು ಅವಳ ಕೈಗೆ ಕೊಟ್ಟ. ಓದಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ, ತುಟಿಯ ಬಣ್ಣ ಮಾತ್ರ ಹೋಯಿತು.

"ಇವರೇ. ಹೀಗೇ ಮಾತಾಡೋದು. ಒಂದು ದಿನಕ್ಕೂ ದನಿ ಏರಿಸಿದವರಲ್ಲ," ಎಂದಳು.

ಅವನು ತನಗೆ ಬರುವ ಅತಿ ಮೆತ್ತನೆಯ ದನಿಯಲ್ಲಿ, ಹೆದರಬೇಡಿ, ನಾನು ವ್ಯವಸ್ಥೆ ಮಾಡುತ್ತೇನೆ, ಪೊಲೀಸರಿಗೂ ಕೊಡೋಣ, ನನ್ನ ಹತ್ತಿರ ಪೋಸ್ಟಿನ ಪ್ರತಿ ಇದೆ ಎಂದ. ಮಗು ಚೀಲದಿಂದ ಇಳಿದು ತಾಯಿಯ ಹಿಂದೆ ಹೋಗಿ ನಿಂತಿತು. ಅವನು ಬಗ್ಗಿ ಇನ್ನೂ ಮೆಲ್ಲಗೆ, ಏನಿಲ್ಲ ಪುಟ್ಟೀ ಎಂದ. ಅದು ಸೆರಗಿನೊಳಗೆ ಮುಖ ಹುದುಗಿಸಿತು.

"ಸ್ವಲ್ಪ ಜೋರಾಗಿ ಮಾತಾಡಿ ಸರ್," ಎಂದಳು ತಾಯಿ. "ಮೆಲ್ಲಗೆ ಮಾತಾಡೋರನ್ನ ಕಂಡ್ರೆ ಇವಳಿಗೆ ಭಯ."

ಅವನು ನೆಟ್ಟಗೆ ನಿಂತ. ಬೆಳಗಿನಿಂದ ಗಂಟಲಲ್ಲಿ ಕಟ್ಟಿಕೊಂಡಿದ್ದದ್ದು, ಬೆಳಗಿನಿಂದಲೇ ಅಲ್ಲ, ಹೆಂಡತಿಯನ್ನು ಬಾಗಿಲವರೆಗೆ ಕಳಿಸಿಕೊಟ್ಟ ದಿನದಿಂದ, ಅದಕ್ಕೂ ಮೊದಲಿನಿಂದ ಕಟ್ಟಿಕೊಂಡಿದ್ದದ್ದು, ಒಮ್ಮೆಗೇ ಮೇಲಕ್ಕೆ ಬಂತು. ದಡದಡನೆ ಬಾಲ್ಕನಿಗೆ ಹೋದ. ಎದುರಿಗೆ ಭಾವನ ಮನೆ, ಗೇಟಿನ ಒಳಗೆ ಅವರ ಕಾರು. ಆಟೋ ಯಾಕೆ ಬೇಕು? ಇಂದು ಮರ್ಯಾದೆ ಹೋದರೂ ಸರಿ, ಬೀದಿಯೆಲ್ಲ ನೋಡಿದರೂ ಸರಿ. ಕಂಬಿ ಹಿಡಿದು, ಹುಟ್ಟಿದ ಮೇಲೆ ಮೊದಲ ಸಲ ಎನ್ನುವ ಹಾಗೆ, ಎದೆ ಬಿರಿಯುವಂತೆ ಕೂಗಿದ.

"ಭಾವಾ! ಕಾರು ತೆಗೀರಿ! ಈಗಲೇ ತೆಗೀರಿ, ಇವರನ್ನ ಕರಕೊಂಡು ಹೋಗಬೇಕು!"

ಆ ದನಿ ತನ್ನದೇ ಎಂದು ಅವನಿಗೆ ನಂಬಿಕೆ ಬರಲಿಲ್ಲ. ಹಗುರವಾಯಿತು, ನಗು ಬರುವಷ್ಟು ಹಗುರವಾಯಿತು. ಒಂದೊಂದೇ ಕಿಟಕಿ ತೆರೆಯಿತು. ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು. ಭಾವ ಒಂದು ಮಾತೂ ಕೇಳದೆ ಕಾರಿನ ಕೀಲಿ ಹುಡುಕಲು ಒಳಗೆ ಓಡಿದರು. ಹಾಲಿನ ಗಾಡಿಯವನು ಬ್ರೇಕು ಹಾಕಿ ಮೇಲೆ ನೋಡಿದ, ಹೂವಿಗೆ ನೀರು ಹಾಕುತ್ತಿದ್ದ ಹೆಂಗಸು ಮೇಲೆ ನೋಡಿದಳು. ಬೀದಿಯ ತಿರುವಿನಲ್ಲಿ, ಒಂದೊಂದು ಗೇಟಿನ ಮುಂದೆಯೂ ನಿಂತು ಫೋನು ನೋಡಿಕೊಳ್ಳುತ್ತ ನಿಧಾನವಾಗಿ ಬರುತ್ತಿದ್ದ, ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯನೂ ಮೇಲೆ ನೋಡಿದ. ಬಾಲ್ಕನಿಯನ್ನು ನೋಡಿದ, ಅದರ ಹಿಂದೆ ತೆರೆದಿದ್ದ ಬಾಗಿಲನ್ನು ನೋಡಿದ. ಫೋನನ್ನು ಜೇಬಿಗೆ ಇಳಿಸಿ, ಉಪಕಾರವಾಯಿತು ಎನ್ನುವ ಹಾಗೆ ಕನ್ನಡಕದವನಿಗೆ ತಲೆ ಬಾಗಿಸಿ, ರಸ್ತೆ ದಾಟಲು ಒಂದು ಸೈಕಲ್ಲು ಹೋಗುವವರೆಗೆ ತಾಳ್ಮೆಯಿಂದ ಕಾದ.